“ಅಳುವ ಕಾಲ ಮುಗೀತು” ಎಂದು ಯಾರು ಹೇಳಬೇಕು?

ಕಳೆದ ಕೆಲವು ವರ್ಷಗಳಲ್ಲಿ ಒಂದೇ ವಚನವನ್ನು ಹಿಡಿದುಕೊಂಡು ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಹಲವರು. ಸತ್ಯವೇದದ ಪ್ರಸಂಗಿ ಪುಸ್ತಕ, ಮೂರನೇ ಅಧ್ಯಾಯ. ಆಕಾಶದ ಕೆಳಗೆ ಪ್ರತಿಯೊಂದು ಕೆಲಸಕ್ಕೂ ತಕ್ಕ ಕಾಲವಿದೆ ಎನ್ನುವ ಮಾತು. ಸಾವಿನ ಮನೆಯಲ್ಲಿ ಸಮಾಧಾನಕ್ಕೆಂದು ಅದನ್ನು ಓದುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಅದೇ ವಚನವನ್ನು ಅಳುವವರ ಬಾಯಿ ಮುಚ್ಚಿಸಲು ಬಳಸುತ್ತಾರೆ. ಅದಕ್ಕೇ ಹಾಗೆ ಬಂದ ಒಬ್ಬ ಹೆಣ್ಣುಮಗಳ ಪ್ರಕರಣವನ್ನು ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.

ಆಕೆಗೆ ನಲವತ್ತು ದಾಟಿದೆ. ಮನೆಯಲ್ಲೇ ರವಿಕೆ ಹೊಲಿದು ಜೀವನ. ತಾಯಿಯ ಜೊತೆ ಇದ್ದವರು, ಕೊನೆಯ ಎರಡು ವರ್ಷ ಹಾಸಿಗೆಯಲ್ಲಿದ್ದ ತಾಯಿಯನ್ನು ನೋಡಿಕೊಂಡವರೂ ಅವರೇ. ತಾಯಿ ತೀರಿಕೊಂಡು ಐದು ತಿಂಗಳಾಗಿತ್ತು. ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ಮನೆಯಲ್ಲಿ ಹಾಡು ಶುರುವಾದರೆ ಇವರು ಎದ್ದು ಒಳಗೆ ಹೋಗುತ್ತಿದ್ದರು. ಅಣ್ಣ ಒಂದು ದಿನ ಸತ್ಯವೇದ ತೆರೆದು ತೋರಿಸಿದರಂತೆ. “ಗೋಳಾಡುವ ಕಾಲ, ಕುಣಿದಾಡುವ ಕಾಲ ಅಂತ ಬರೆದಿದೆ. ಗೋಳಾಡೋದು ಆಯ್ತಲ್ವಾ? ದೇವರ ಮಾತಿಗೆ ವಿರೋಧ ಹೋಗಬೇಡ.”

ಅಣ್ಣ ಕೆಟ್ಟವರಲ್ಲ. ತಂಗಿ ಹೀಗೆ ಕೂತಿರುವುದನ್ನು ನೋಡಲು ಅವರಿಗೂ ಆಗುತ್ತಿರಲಿಲ್ಲ. ಆದರೆ ಆ ಮಾತಿನ ನಂತರ ಆಕೆಗೆ ದುಃಖದ ಜೊತೆ ತಪ್ಪು ಮಾಡುತ್ತಿದ್ದೇನೆ ಎನ್ನುವ ಭಯವೂ ಸೇರಿಕೊಂಡಿತು. ನನ್ನ ಬಳಿ ಬಂದದ್ದು ಆ ಭಯಕ್ಕೆ.

ಮೊದಲ ಎರಡು ಭೇಟಿ ನಾನು ಹೆಚ್ಚು ಕೇಳಿಸಿಕೊಂಡೆ. ನಿದ್ದೆ, ಊಟ, ಕೆಲಸ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ತಾಯಿ ತೀರಿಕೊಂಡ ಮೂರನೇ ವಾರಕ್ಕೇ ಮಿಷನ್ ಮುಂದೆ ಕೂತಿದ್ದರು, ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನೆರೆಮನೆಯ ಮಗು ಬಂದರೆ ನಗುತ್ತಿದ್ದರು. ಇದು ಅಮ್ಮನನ್ನು ಕಳೆದುಕೊಂಡವರ ಸಹಜ ದುಃಖ. ದುಃಖ ಕಾಯಿಲೆಯ ಮಟ್ಟಕ್ಕೆ ಹೋಗುವುದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಅದಕ್ಕೆ ಕನಿಷ್ಠ 6 ತಿಂಗಳು ಎನ್ನುತ್ತದೆ, ಅಮೆರಿಕದ ಮನೋವೈದ್ಯರ ಕೈಪಿಡಿ ದೊಡ್ಡವರಿಗೆ 12 ತಿಂಗಳು ಎನ್ನುತ್ತದೆ. ಆದರೆ ತಿಂಗಳು ಕಳೆದದ್ದಷ್ಟೇ ಸಾಲದು. ಹೆಚ್ಚುಕಡಿಮೆ ದಿನವೂ ಅದೇ ತೀವ್ರ ಹಂಬಲ, ಬದುಕು ನಡೆಸಲಾಗದ ಸ್ಥಿತಿ ಇರಬೇಕು. ಈಕೆಯಲ್ಲಿ ಅದಿರಲಿಲ್ಲ.

ಮೂರನೇ ಭೇಟಿಗೆ ಸತ್ಯವೇದ ತರಲು ಹೇಳಿದೆ. ಆಪ್ತಸಲಹೆಯಲ್ಲಿ ಧರ್ಮಗ್ರಂಥ ಯಾಕೆ ಎಂದು ಜೊತೆಯ ಸಲಹೆಗಾರರೊಬ್ಬರು ನನ್ನನ್ನು ಆಮೇಲೆ ಕೇಳಿದರು. ನಾನಾಗಿ ಯಾರಿಗೂ ವಚನ ಓದಿ ಹೇಳುವುದಿಲ್ಲ. ಆದರೆ ಇಲ್ಲಿ ಗಾಯ ಆಗಿದ್ದೇ ಆ ವಚನದಿಂದ. ಅದನ್ನು ಮುಟ್ಟದೆ ಬರೀ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನಗೆ ಸರಿ ಕಾಣಲಿಲ್ಲ.

“ಅಣ್ಣ ತೋರಿಸಿದ ಸಾಲಿಗೆ ನಿಲ್ಲಿಸಬೇಡಿ. ಎರಡನೇ ವಚನದಿಂದ ಎಂಟರವರೆಗೆ ಪೂರ್ತಿ ಓದಿ,” ಎಂದೆ. ಓದಿದರು. ಹುಟ್ಟುವುದು, ಸಾಯುವುದು. ನೆಡುವುದು, ಕೀಳುವುದು. ಹೀಗೆ ಹದಿನಾಲ್ಕು ಜೋಡಿ. ಹೀಬ್ರೂ ಮೂಲದಲ್ಲಿ ‘ಏತ್’ ಎನ್ನುವ ಪುಟ್ಟ ಪದ, ಕಾಲ ಎಂದು ಅರ್ಥ, ಆ ಸಾಲುಗಳಲ್ಲಿ 28 ಸಲ ಬರುತ್ತದೆ.

“ಅಣ್ಣ ಹೇಳಿದ ಹಾಗೆ ಮೊದಲನೆಯದು ಮುಗಿದ ಮೇಲೆ ಎರಡನೆಯದು ಬರಲೇಬೇಕು ಅಂತಾದರೆ, ಕೊನೆಯ ವಚನ ಹೇಗೆ ಶುರುವಾಗುತ್ತೆ ನೋಡಿ,” ಎಂದೆ.

ಬೆರಳಿಟ್ಟು ನೋಡಿದರು. “ಪ್ರೀತಿಸುವ ಕಾಲ, ದ್ವೇಷಿಸುವ ಕಾಲ.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದ್ರೆ ಪ್ರೀತಿ ಆದಮೇಲೆ ದ್ವೇಷ ಮಾಡಬೇಕು ಅಂತಾಗುತ್ತೆ. ಹಾಗಿರೋಕೆ ಸಾಧ್ಯ ಇಲ್ಲ.”

ಅಷ್ಟೇ ಬೇಕಿತ್ತು. ಈ ಪಟ್ಟಿ ಮೆಟ್ಟಿಲಲ್ಲ. ಕೆಲವು ಜೋಡಿಯಲ್ಲಿ ಸುಖ ಮೊದಲು, ಕೆಲವದರಲ್ಲಿ ಕಷ್ಟ ಮೊದಲು. ಅಲ್ಲಿ “ಅಳು” ಎಂದೂ ಇಲ್ಲ, “ಕುಣಿ” ಎಂದೂ ಇಲ್ಲ. ಮನುಷ್ಯರ ಬದುಕಿನಲ್ಲಿ ಇವೆಲ್ಲ ಬರುತ್ತವೆ ಎಂದು ನೋಡಿದವನ ಮಾತು ಅದು. ಇನ್ನು ಮೂರು ವಚನ ಮುಂದೆ ಹೋದರೆ ಪ್ರಸಂಗಿಯೇ ಹೇಳುತ್ತಾನೆ: ದೇವರು ಒಂದೊಂದನ್ನೂ ಅದರದರ ಕಾಲದಲ್ಲಿ ಅಂದವಾಗಿ ಮಾಡಿದ್ದಾನೆ, ಆದರೆ ಆತನ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮನುಷ್ಯ ಕಂಡುಕೊಳ್ಳಲಾರ. ಹನ್ನೊಂದನೇ ವಚನವನ್ನು ಬಿಟ್ಟು ನಾಲ್ಕನೆಯದನ್ನು ಮಾತ್ರ ಓದುವುದರಿಂದಲೇ ಇಷ್ಟೆಲ್ಲ ನೋವು ಆಗುತ್ತದೆ. “ನಿನ್ನ ಕಾಲ ಮುಗೀತು” ಎಂದು ಇನ್ನೊಬ್ಬರಿಗೆ ಹೇಳುವವರು, ಮನುಷ್ಯನಿಗೆ ಗೊತ್ತಾಗುವುದಿಲ್ಲ ಎಂದು ಅದೇ ಅಧ್ಯಾಯ ಹೇಳುವುದನ್ನು ತಮಗೆ ಗೊತ್ತು ಎನ್ನುತ್ತಿದ್ದಾರೆ. ಇದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ.

ಆಕೆ ಮತ್ತೆ ಪುಟದ ಮೇಲೆ ಬಗ್ಗಿದ್ದರು. “ಹರಿಯುವ ಕಾಲ, ಹೊಲಿಯುವ ಕಾಲ ಅಂತಾನೂ ಇದೆ ಮೇಡಂ. ಹರಿದ ಕೂಡ್ಲೇ ಹೊಲಿಯೋಕಾಗಲ್ಲ. ಅಂಚು ನೂಲು ಬಿಟ್ಟಿರುತ್ತೆ. ಹಾಗೇ ಮಿಷನ್ ಓಡಿಸಿದ್ರೆ ಪಕ್ಕದಲ್ಲೇ ಮತ್ತೆ ಹರಿಯುತ್ತೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಬೇಕು.”

ಆಗ ನಾನು ಯೆಹೂದ್ಯರ ಪದ್ಧತಿ ಹೇಳಿದೆ. ಹತ್ತಿರದವರು ಸತ್ತಾಗ ಅವರು ಮೈಮೇಲಿನ ಬಟ್ಟೆಯನ್ನು ಹರಿದುಕೊಳ್ಳುತ್ತಾರೆ. ಆ ಸಾಲಿನ ‘ಹರಿಯುವುದು’ ಎಂದರೆ ಇದೇ ಎಂದು ಓದುವವರಿದ್ದಾರೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗಾಗಿ ಹರಿದದ್ದನ್ನು 7 ದಿನದ ನಂತರ ಕಚ್ಚಾ ಹೊಲಿಯಬಹುದು, 30 ದಿನದ ನಂತರ ಸರಿಯಾಗಿ ಹೊಲಿಯಬಹುದು. ತಂದೆ ತಾಯಿಗಾಗಿ ಹರಿದದ್ದನ್ನು ಮಾತ್ರ 30 ದಿನದ ನಂತರ ಕಚ್ಚಾ ಹೊಲಿಯುತ್ತಾರೆ. ಪೂರ್ತಿ ಹೊಲಿಯುವುದೇ ಇಲ್ಲ.

ಆಕೆ ಅತ್ತರು. ಆಮೇಲೆ, ಇದುವರೆಗೆ ಯಾರಿಗೂ ಹೇಳದ ಒಂದು ಮಾತು ಹೇಳಿದರು. ಈ ಮದುವೆಗೆಂದೇ ಅಮ್ಮನಿಗೆ ಒಂದು ರವಿಕೆ ಕತ್ತರಿಸಿ ಇಟ್ಟಿದ್ದರಂತೆ. ಹೊಲಿಯುವ ಮೊದಲೇ ಅಮ್ಮ ಹೋದರು. ಆ ತುಂಡುಗಳು ಇನ್ನೂ ಒಂದು ಕವರಿನಲ್ಲಿ ಮಿಷನ್ ಕೆಳಗಿವೆ. ಬಿಸಾಡಲೂ ಆಗುತ್ತಿಲ್ಲ, ಹೊಲಿಯಲೂ ಆಗುತ್ತಿಲ್ಲ.

ನಾನು ಕೊಟ್ಟ ಸಲಹೆ ಚಿಕ್ಕದು. ಆ ಕವರಿನ ಬಗ್ಗೆ ಈಗಲೇ ತೀರ್ಮಾನ ಬೇಡ. ಮದುವೆಗೆ ಹೋಗಿ, ಆದರೆ ಏನೇನು ಮಾಡಲು ಆಗುತ್ತದೆ ಎನ್ನುವುದನ್ನು ಮೊದಲೇ ಅಣ್ಣನಿಗೆ ಹೇಳಿ: ದೇವಾಲಯದಲ್ಲಿ ಇರುತ್ತೇನೆ, ಊಟಕ್ಕೆ ಬಡಿಸುತ್ತೇನೆ, ಹಾಡು ಕುಣಿತದ ಹೊತ್ತಿಗೆ ಎದ್ದು ಹೋದರೆ ಹಿಂದೆ ಬಂದು ಕರೆಯಬೇಡಿ. ಜೊತೆಗೆ, ಅಣ್ಣನಿಗೂ ಅಮ್ಮ ಹೋಗಿದ್ದಾರೆ ಅನ್ನುವುದನ್ನು ಮರೆಯಬೇಡಿ ಎಂದೆ. ಮದುವೆಯನ್ನೇ ತಪ್ಪಿಸಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಆಕೆಗೆ ಆ ಹುಡುಗಿಯ ಮೇಲೆ ತುಂಬಾ ಪ್ರೀತಿ. ಅಳುವುದು ಮತ್ತು ನಗುವುದು ಒಂದೇ ದಿನದಲ್ಲಿ, ಒಂದೇ ಚಪ್ಪರದ ಕೆಳಗೆ ಇರಬಾರದು ಎಂದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಮದುವೆಯಾದ ಎರಡು ವಾರಕ್ಕೆ ಬಂದರು. ಹಾಡು ಶುರುವಾದಾಗ ಹಿಂದಿನ ಮೆಟ್ಟಿಲ ಮೇಲೆ ಹೋಗಿ ಕೂತರಂತೆ. ಸ್ವಲ್ಪ ಹೊತ್ತಿಗೆ ಅಣ್ಣ ಬಂದರು. ಕರೆಯಲಿಲ್ಲ. ಪಕ್ಕದಲ್ಲಿ ಕೂತು, “ಅಮ್ಮ ಇದ್ದಿದ್ರೆ ಊಟಕ್ಕೆ ಉಪ್ಪು ಕಮ್ಮಿ ಅಂತಿದ್ಳು,” ಎಂದು ಅತ್ತುಬಿಟ್ಟರು.

“ರವಿಕೆ?” ಎಂದು ನಾನೇ ಕೇಳಿದೆ.

“ತೋಳು ಮಾತ್ರ ಕೂಡಿಸಿದೀನಿ ಮೇಡಂ. ಕಚ್ಚಾ ಹೊಲಿಗೆ.”