ನಂಬರ್ ಯಾವುದಕ್ಕೆ ಕೊಟ್ಟರೋ ಅದಕ್ಕಷ್ಟೇ ಬಳಸಿ

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುತ್ತೇನೆ. ಫಾಲೋವರ್‌ಗಳ ಫೋನ್ ನಂಬರ್, ಇಮೇಲ್ ಸಂಗ್ರಹಿಸಬೇಕು. ಒಪ್ಪಿಗೆ ಹೇಗೆ ಕೇಳಲಿ, ಎಲ್ಲಿ ಜೋಪಾನವಾಗಿಡಲಿ?

ಕೊರಿಯರ್‌ಗೆಂದು ಡಿಎಂನಲ್ಲಿ ಬಂದ ನಂಬರನ್ನು ಆಫರ್ ಕಳಿಸುವ ಪಟ್ಟಿಗೆ ಸೇರಿಸಲೇಬೇಡಿ. ಅವರು ಕೊಟ್ಟಿದ್ದು ಸೀರೆ ಮನೆಗೆ ತಲುಪಲಿ ಅಂತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರವೂ ಒಪ್ಪಿಗೆ ಒಂದು ನಿರ್ದಿಷ್ಟ ಉದ್ದೇಶಕ್ಕೆ ಮಾತ್ರ, ಮತ್ತು ಅದನ್ನು ಹಿಂತೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಸಮಯವಿದೆ, ಆದರೆ ಪಟ್ಟಿಯನ್ನು ಈಗಲೇ ಸರಿಯಾಗಿ ಶುರುಮಾಡಿದರೆ ಆಮೇಲೆ ಎಲ್ಲರನ್ನೂ ಮತ್ತೆ ಕೇಳುವ ಕಷ್ಟವಿಲ್ಲ.

ಇಳಕಲ್ ಸೀರೆ ಮಾರುವ ನನ್ನ ತಂಗಿಗೆ ಗೂಗಲ್ ಫಾರ್ಮ್ ಮಾಡಿಕೊಟ್ಟಿದ್ದೇನೆ. ಹೆಸರು, ವಾಟ್ಸಾಪ್ ನಂಬರು, ಇಮೇಲ್, ಇಷ್ಟೇ. ವಿಳಾಸ, ಹುಟ್ಟಿದ ದಿನ ಕೇಳಿಲ್ಲ. ಇಟ್ಟುಕೊಳ್ಳದ ಮಾಹಿತಿ ಸೋರುವುದೂ ಇಲ್ಲ. ಕೆಳಗೆ ಎರಡು ಬೇರೆ ಬೇರೆ ಟಿಕ್: "ಹೊಸ ಸೀರೆಗಳ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ", "ಇಮೇಲ್‌ನಲ್ಲಿ ಕಳಿಸಿ". ಎರಡನ್ನೂ ಕಡ್ಡಾಯ ಮಾಡಿಲ್ಲ. ಕೊನೆಗೆ ಒಂದು ಸಾಲು: "ನಿಮ್ಮ ನಂಬರು ಬೇರೆ ಯಾರಿಗೂ ಕೊಡುವುದಿಲ್ಲ. ಬೇಡವೆನಿಸಿದಾಗ 'ಬೇಡ' ಎಂದು ಕಳಿಸಿ, ಅಳಿಸುತ್ತೇವೆ." ಯಾರು ಯಾವಾಗ ಒಪ್ಪಿದರು ಎಂಬುದು ಫಾರ್ಮ್‌ಗೆ ಜೋಡಿಸಿದ ಗೂಗಲ್ ಶೀಟಿನ Timestamp ಕಾಲಮ್ಮಿನಲ್ಲಿ ತಾನಾಗಿ ದಾಖಲಾಗುತ್ತದೆ. ಅದನ್ನು ಅಳಿಸಬೇಡಿ, ತಕರಾರು ಬಂದರೆ ಅದೇ ಪುರಾವೆ. ಫಾರ್ಮ್‌ನ Settingsನಲ್ಲಿ View results summary ಆಫ್ ಇರಲಿ, ಇಲ್ಲವಾದರೆ ತುಂಬಿದವರಿಗೆ ಬೇರೆಯವರ ಉತ್ತರಗಳೂ ಕಾಣಬಹುದು.

ಶೀಟ್ ಸೋರುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಪ್ಯಾಕಿಂಗ್ ಮಾಡುವವರಿಗೆ ತೋರಿಸಲೆಂದು Shareನಲ್ಲಿ Anyone with the link ಒತ್ತಿ, ಆಮೇಲೆ ಮರೆತುಬಿಡುತ್ತೇವೆ. ಅದು Restricted ಆಗಿರಬೇಕು. ಪರೀಕ್ಷಿಸುವುದು ಸುಲಭ: ಶೀಟಿನ ಲಿಂಕನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಲಾಗಿನ್ ಕೇಳದೆ ತೆರೆದುಕೊಂಡರೆ ಲಿಂಕ್ ಸಿಕ್ಕ ಯಾರಿಗಾದರೂ ಅದು ಕಾಣುತ್ತದೆ. ಪ್ಯಾಕಿಂಗ್‌ನವರಿಗೆ ಆ ದಿನದ ಆರ್ಡರ್‌ಗಳು ಸಾಕು, ಇಡೀ ಪಟ್ಟಿ ಬೇಕಿಲ್ಲ. ಆ ಗೂಗಲ್ ಖಾತೆಗೆ 2-Step Verification ಹಾಕಿ.

ಕಳಿಸುವಾಗ ವಾಟ್ಸಾಪ್ ಗ್ರೂಪ್ ಮಾಡಬೇಡಿ. ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ನಿಮ್ಮ ಹೆಸರು ಹೇಳಿ ಮೋಸದ ಪೇಮೆಂಟ್ ಲಿಂಕ್ ಕಳಿಸುವವರಿಗೆ ಇಷ್ಟೇ ಸಾಕು. ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಹಾಗಾಗಿ ಸೇವ್ ಮಾಡಿಕೊಳ್ಳಿ ಎಂದು ಫಾರ್ಮ್‌ನಲ್ಲೇ ಬರೆಯಿರಿ. ಇಮೇಲ್ ಆದರೆ ಎಲ್ಲರ ವಿಳಾಸವೂ Bccಯಲ್ಲಿರಲಿ.

ಯಾರಾದರೂ "ಬೇಡ" ಅಂದರೆ ಶೀಟಿನ ಸಾಲು ಅಳಿಸಿದರಷ್ಟೇ ಆಗಲಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್, ಫೋನಿನ ಕಾಂಟ್ಯಾಕ್ಟ್, ಗೂಗಲ್ ಫಾರ್ಮ್‌ನ Responses, ಎಂದೋ ಡೌನ್‌ಲೋಡ್ ಮಾಡಿಟ್ಟ ಎಕ್ಸೆಲ್ ಫೈಲು, ಇಲ್ಲೆಲ್ಲ ಆ ನಂಬರು ಉಳಿದಿರುತ್ತದೆ. ಶೀಟಿನಲ್ಲಿ ಅಳಿಸಿದರೂ Responses ಒಳಗೆ ಹಾಗೇ ಇರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.