ನಿಮ್ಮ ಉದಾಹರಣೆಯಲ್ಲಿ ಒಂದು G3 ತಪ್ಪಿಹೋಗಿದೆ

“ಸಾರ್, ಬ್ಲಾಕ್ ಡಯಾಗ್ರಾಂ ಬಿಡಿಸೋದು ಹೇಗೆ ಅಂತ ಇಂಜಿನಿಯರಿಂಗ್ ಹುಡುಗರಿಗೆ ಒಂದು ಲೇಖನ ಬರೆದಿದ್ದೇನೆ. ಹತ್ತು ನಿಯಮ ಕೊಟ್ಟು, ಕೊನೆಗೆ ಒಂದು ಉದಾಹರಣೆ ಮಾಡಿದ್ದೇನೆ. ಹಾಕಿಕೊಳ್ತೀರಾ? ನೇರವಾಗಿ ಹೇಳಿ.”

ಈಗಿರುವ ಹಾಗೆ ಆಗುವುದಿಲ್ಲ. ಉದಾಹರಣೆಯ ಉತ್ತರವೇ ತಪ್ಪಾಗಿದೆ. ಆದರೆ ಉದಾಹರಣೆ ಒಳ್ಳೆಯದು, ಅದನ್ನು ಬಿಡಬೇಡಿ.

ನಿಮ್ಮ ಚಿತ್ರದಲ್ಲಿ ಇನ್‌ಪುಟ್ R ಆದ ಮೇಲೆ G1, G2, G3 ಒಂದರ ಹಿಂದೆ ಒಂದು ಇವೆ. G3 ದಾಟಿದ ಔಟ್‌ಪುಟ್ C, H2 ಮೂಲಕ ಹಿಂದೆ ಬಂದು G2ಗೆ ಮುಂಚೆ ಕಳೆಯುತ್ತದೆ. G2 ಆದ ಮೇಲಿನ ಸಿಗ್ನಲ್ H1 ಮೂಲಕ G1ಗೆ ಮುಂಚೆ ಕಳೆಯುತ್ತದೆ. ಎರಡು ಲೂಪ್‌ಗಳೂ ಒಂದರೊಳಗೊಂದು ಕೂತಿಲ್ಲ, ಹೆಣೆದುಕೊಂಡಿವೆ. ಹಾಗಾಗಿ ಯಾವುದನ್ನೂ ಮೊದಲು ಮುಚ್ಚಲು ಬರುವುದಿಲ್ಲ. H1ನ ಟೇಕ್‌ಆಫ್ ಪಾಯಿಂಟನ್ನು G3ಯ ಆಚೆಗೆ ಸರಿಸಿದ್ದು ಸರಿಯಾದ ಹೆಜ್ಜೆ. ಆದರೆ ಅಲ್ಲಿಂದ ಎತ್ತುವ ಸಿಗ್ನಲ್ ಈಗಾಗಲೇ G3ಯಿಂದ ಗುಣಿಸಿಕೊಂಡು ಬಂದಿರುತ್ತದೆ ಅಲ್ವಾ? ಹಳೆಯ ಸಿಗ್ನಲ್ಲೇ ಸಿಗಬೇಕಾದರೆ H1 ಇದ್ದ ಜಾಗದಲ್ಲಿ H1/G3 ಬರಬೇಕು. ನೀವು H1 ಅಂತಲೇ ಉಳಿಸಿದ್ದೀರಿ.

ಸರಿಪಡಿಸಿದರೆ ಒಳಗಿನ ಲೂಪ್ ಮೊದಲು ಹೀಗೆ ಮುಚ್ಚುತ್ತದೆ:

```
G2G3 / (1 + G2G3H2)
```

ಇದನ್ನು G1 ಜೊತೆ ಗುಣಿಸಿ, H1/G3 ಫೀಡ್‌ಬ್ಯಾಕ್ ಹಾಕಿ ಹೊರಗಿನ ಲೂಪ್ ಮುಚ್ಚಿ:

```
C/R = G1G2G3 / (1 + G2G3H2 + G1G2H1)
```

ನಿಮ್ಮ ಉತ್ತರದ ಛೇದದಲ್ಲಿ ಕೊನೆಯ ಪದ G1G2G3H1 ಅಂತಿದೆ. ಮೂಲ ಚಿತ್ರದ ಮೇಲೆ ಬೆರಳಿಟ್ಟು ಸುತ್ತಿ ನೋಡಿ. G3 ದಾಟಿ ನೇರವಾಗಿ H1ಗೆ ಹೋಗುವ ದಾರಿಯೇ ಇಲ್ಲ. ಇಲ್ಲದ ಲೂಪ್ ಛೇದದಲ್ಲಿ ಕಂಡರೆ ಎಲ್ಲೋ ಎಡವಿದ್ದೀರಿ ಅಂತಲೇ ಅರ್ಥ.

ನಂಬಿಕೆ ಬಾರದಿದ್ದರೆ ಅಂಕಿ ಹಾಕಿ. G1=2, G2=3, G3=5, H1=H2=1, R=22 ಇರಲಿ. ಸೂತ್ರದ ಪ್ರಕಾರ C=30. ಅಂದರೆ G2 ಆದ ಮೇಲೆ 6 ಇರಬೇಕು. ಈಗ ಮುಂದಿನಿಂದ ಬನ್ನಿ. 22ರಲ್ಲಿ 6 ಕಳೆದರೆ 16, G1 ದಾಟಿದರೆ 32, ಅದರಲ್ಲಿ 30 ಕಳೆದರೆ 2, G2 ದಾಟಿದರೆ 6. ಕೂತಿತು. ನಿಮ್ಮ ಸೂತ್ರದಲ್ಲಿ C ಸುಮಾರು 14.3 ಬರುತ್ತದೆ. ಅದನ್ನಿಟ್ಟು ಹೀಗೇ ಸುತ್ತಿದರೆ G2 ಆದ ಮೇಲೆ ಒಂದು ಕಡೆಯಿಂದ 2.9, ಇನ್ನೊಂದು ಕಡೆಯಿಂದ 71ಕ್ಕೂ ಜಾಸ್ತಿ. ಈ ಪರೀಕ್ಷೆಯನ್ನು ಲೇಖನದಲ್ಲೇ ಸೇರಿಸಿ. ಹುಡುಗರಿಗೆ ಹತ್ತು ನಿಯಮಕ್ಕಿಂತ ಇದೇ ಉಪಯೋಗ.

ಆ ನಿಯಮಗಳ ಪಟ್ಟಿ ಸುಮ್ನೆ ಜಾಗ ತಿನ್ನುತ್ತಿದೆ. ಈ ಉದಾಹರಣೆಗೆ ಬೇಕಾಗಿದ್ದು ಮೂರೇ: ಸರಣಿ ಬ್ಲಾಕ್ ಗುಣಿಸುವುದು, ಟೇಕ್‌ಆಫ್ ಸರಿಸುವುದು, ಲೂಪ್ ಮುಚ್ಚುವುದು. ಉಳಿದ ಏಳನ್ನು ತೆಗೆಯಿರಿ.

ಇನ್ನೊಂದು ಮಾತು. H1/G3 ಬರೀ ಕಾಗದದ ಮೇಲಿನ ಬ್ಲಾಕ್. ಮೋಟರ್‌ನ ವೇಗದಿಂದ ಸ್ಥಾನ ಬರುವಲ್ಲಿ G3 ಅಂದರೆ 1/s. ಆಗ H1/G3 ಅಂದರೆ sH1, ಸ್ಥಾನವನ್ನು ಡಿಫರೆನ್ಷಿಯೇಟ್ ಮಾಡುವ ಬ್ಲಾಕ್. ಹಾಗೆಯೇ ಸರ್ಕ್ಯೂಟ್ ಕಟ್ಟಿದರೆ ಸೆನ್ಸರ್‌ನ ಸಣ್ಣ ನಾಯ್ಸ್ ಕೂಡ ಉಬ್ಬುತ್ತದೆ. ನಿಜವಾದ ಯಂತ್ರದಲ್ಲಿ ಟ್ಯಾಕೋ ವೇಗವನ್ನು ನೇರವಾಗಿಯೇ ಅಳೆಯುತ್ತದೆ. ಇದನ್ನು ಎರಡು ಸಾಲಿನಲ್ಲಿ ಬರೆದು, ಚಿತ್ರವನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಬಿಡಿಸಿ ಕಳಿಸಿ.