ಕೊಡುವ ಕಾಲಂನಲ್ಲಿ ಹೆಸರೇ ಇರಲಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ತಾಯಿಗೆ 79 ವರ್ಷ. ಮೆಟ್ಟಿಲು ಹತ್ತುವುದು ಕಷ್ಟವಾಗಿ, ದೊಡ್ಡ ಮನೆ ಬಿಟ್ಟು ಮಗಳ ಮನೆ ಹತ್ತಿರದ ಒಂದು ಕೋಣೆಯ ಮನೆಗೆ ಹೋಗಲು ಅವರೇ ಒಪ್ಪಿದ್ದರು. ಮಗಳು ಅಚ್ಚುಕಟ್ಟಿನ ಹೆಂಗಸು. ಕೋಣೆಗೊಂದು ಹಾಳೆ ಮಾಡಿ, ಪ್ರತಿ ಹಾಳೆಯಲ್ಲಿ ಮೂರು ಕಾಲಂ ಎಳೆದರು: ಇಟ್ಟುಕೊಳ್ಳುವುದು, ಕೊಡುವುದು, ಮಾರುವುದು. ತಾವೇ ತುಂಬಿಸಿ ತಾಯಿಗೆ ತೋರಿಸಿದರು. "ನಿನಗೆ ಸರಿ ಕಂಡಂತೆ ಮಾಡು" ಅಂದರಂತೆ ತಾಯಿ. ಬೆಳಗ್ಗೆ ನೋಡಿದರೆ, ಮಾರಲು ಕಟ್ಟಿಟ್ಟ ಸಾಮಾನಿನಲ್ಲಿ ಅರ್ಧ ಮತ್ತೆ ಕಪಾಟು ಸೇರಿತ್ತು. ಮತ್ತೆ ಕಟ್ಟಿದರು, ಮತ್ತೆ ಅದೇ ಆಯಿತು. ಜಗಳ ಜೋರಾದ ಮೇಲೆ ಇಬ್ಬರೂ ಸಲಹೆ ಕೇಳಲು ನನ್ನ ಹತ್ತಿರ ಬಂದರು.

"ಅಮ್ಮನಿಗೆ ಮರೆವು ಶುರುವಾಗಿದೆಯಾ?" ಎಂಬುದು ಮಗಳ ಮೊದಲ ಪ್ರಶ್ನೆ. ತಾಯಿಯ ಜೊತೆ ಬೇರೆಯಾಗಿ ಮಾತಾಡಿದೆ. ಯಾವ ವಸ್ತು ಯಾವ ಕಾಲಂನಲ್ಲಿತ್ತು, ಯಾವುದನ್ನು ವಾಪಸ್ ಇಟ್ಟರು, ಎಲ್ಲವೂ ಅವರಿಗೆ ನೆನಪಿತ್ತು. ಪಟ್ಟಿ ಮಾಡಿದ್ದೇ ನೆನಪಿಲ್ಲ ಅಂದಿದ್ದರೆ ಮೊದಲು ವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ಅದಲ್ಲ. "ನಿನಗೆ ಸರಿ ಕಂಡಂತೆ" ಅನ್ನೋದು ಒಪ್ಪಿಗೆ ಆಗಿರಲಿಲ್ಲ, ಅಷ್ಟೇ.

ಹಳೆಯ ಹಾಳೆಗಳನ್ನು ಬದಿಗಿಡಲು ಹೇಳಿದೆ. ಇನ್ನು ಮೇಲೆ ತಾಯಿ ಹೇಳಬೇಕು, ಮಗಳು ಬರೆಯಬೇಕು. ಬೆಳಗಿನ ಹೊತ್ತು, ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ದಣಿದ ಮೇಲೆ ಜನ ಎಲ್ಲದಕ್ಕೂ "ಇರಲಿ" ಅನ್ನುತ್ತಾರೆ, ಇಲ್ಲವೇ ಎಲ್ಲದಕ್ಕೂ "ಹೋಗಲಿ" ಅನ್ನುತ್ತಾರೆ. ಮಗಳು ಶುರು ಮಾಡಿದ್ದು ಮಲಗುವ ಕೋಣೆಯಿಂದ, ಅದೂ ತೀರಿಕೊಂಡ ತಂದೆಯ ಬಟ್ಟೆಯ ಕಪಾಟಿನಿಂದ! ನಾನು ಉಗ್ರಾಣದಿಂದ ಶುರು ಮಾಡಿಸಿದೆ. ಅಲ್ಲಿ ಖಾಲಿ ಡಬ್ಬ, ಕೆಟ್ಟ ಫ್ಯಾನು, ಹಳೆಯ ಬಕೆಟ್. ತೀರ್ಮಾನ ಸುಲಭ. ಫೋಟೋ, ಪತ್ರಗಳು ಕೊನೆಗೆ.

ಇಟ್ಟುಕೊಳ್ಳುವ ಕಾಲಂಗೆ ಅಳತೆ ಟೇಪು ಬೇಕು. ಹೊಸ ಕೋಣೆಯ ನಕ್ಷೆಯನ್ನು ಹಾಳೆಯ ಮೇಲೆ ಬರೆದು, ಬಾಗಿಲು, ಕಿಟಕಿ, ಮಂಚ, ಕಪಾಟು ಎಲ್ಲ ಗುರುತು ಮಾಡಿದೆವು. "ಇದು ಬೇಕಾ?" ಎಂದು ಕೇಳಿದರೆ ಯಾರಿಗಾದರೂ ಎಲ್ಲವೂ ಬೇಕು. "ಇದು ಅಲ್ಲಿ ಎಲ್ಲಿರುತ್ತೆ?" ಎಂದು ಕೇಳಿದಾಗ ಆರು ಕುರ್ಚಿಯ ಊಟದ ಮೇಜನ್ನು ತಾಯಿಯೇ ಬಿಟ್ಟರು, ಎರಡು ಕುರ್ಚಿ ಮಾತ್ರ ಉಳಿಸಿಕೊಂಡರು. ಹೊಲಿಗೆ ಯಂತ್ರ ಮಾತ್ರ ಬಿಡಲಿಲ್ಲ. "ಹೊಲಿದು ಎಷ್ಟು ವರ್ಷ ಆಯ್ತು ಅಮ್ಮ?" ಎಂದು ಮಗಳು ತಕರಾರು ತೆಗೆದರು. ನಾನು ತಾಯಿಯ ಪಕ್ಷ. ಟೀಪಾಯಿ ಬಿಟ್ಟರೆ ಕಿಟಕಿಯ ಕೆಳಗೆ ಯಂತ್ರಕ್ಕೆ ಜಾಗವಿತ್ತು. ಬಳಸುತ್ತಾರೋ ಇಲ್ಲವೋ ಅವರಿಷ್ಟ.

ನಿಜವಾದ ತೊಡಕು ಇದ್ದದ್ದು ಕೊಡುವ ಕಾಲಂನಲ್ಲಿ. ಅದೇ ಎಲ್ಲಕ್ಕಿಂತ ಉದ್ದವಾಗಿತ್ತು, ಒಂದರ ಮುಂದೂ ಹೆಸರಿರಲಿಲ್ಲ. ಮಾರಲಾಗದ, ಬಿಸಾಡಲು ಮನಸ್ಸಾಗದ ವಸ್ತುಗಳನ್ನೆಲ್ಲ ಮಗಳು ಅಲ್ಲಿ ತುಂಬಿದ್ದರು. "ಯಾರಿಗೆ ಅಂತ ಗೊತ್ತಿಲ್ಲದೆ ಹೇಗೆ ಕೊಡಲಿ?" ಎಂದು ತಾಯಿ ಕೇಳಿದರು. ನ್ಯಾಯವಾದ ಮಾತು. ಹಾಗಾಗಿ ಒಂದು ನಿಯಮ ಮಾಡಿದೆವು: ಪಡೆಯುವವರ ಹೆಸರು, ಅವರು ಒಪ್ಪಿದ್ದಾರಾ, ಯಾವ ತಾರೀಖಿಗೆ ಒಯ್ಯುತ್ತಾರೆ, ಈ ಮೂರೂ ಇಲ್ಲದಿದ್ದರೆ ಅದು ಕೊಡುವ ಕಾಲಂ ಸೇರುವಂತಿಲ್ಲ. ಫೋಟೋ ಕಳಿಸಿ, "ಬೇಡ ಅಂದರೆ ಬೇಜಾರಿಲ್ಲ" ಎಂದೂ ಬರೆಯಲು ಹೇಳಿದೆ. ಇಲ್ಲದಿದ್ದರೆ ಮುಲಾಜಿಗೆ ಒಪ್ಪಿ, ಒಯ್ಯಲು ಮಾತ್ರ ಬರುವುದಿಲ್ಲ.

ತಾಯಿ ಮಗನಿಗೆಂದೇ ಜೋಪಾನ ಮಾಡಿದ್ದ ಪಿಂಗಾಣಿ ಪಾತ್ರೆಗಳ ಸೆಟ್ಟನ್ನು ಮಗ ಬೇಡ ಎಂದ. ತಾಯಿ ಅತ್ತರು. ಆ ದಿನ ಪಟ್ಟಿ ಮುಟ್ಟಲಿಲ್ಲ. ಮಗನಿಗೆ ಬೇಕಿದ್ದುದು ತಂದೆಯ ಉಪಕರಣಗಳ ಪೆಟ್ಟಿಗೆ. ಅದು ಮಾರುವ ಕಾಲಂನಲ್ಲಿತ್ತು! ಗೋಡೆ ಗಡಿಯಾರವನ್ನು ಮಗನೂ ಕೇಳಿದ, ಮೊಮ್ಮಗಳೂ ಕೇಳಿದಳು. ಇಂಥದ್ದನ್ನು ಎಲ್ಲರೂ ಕೂತು ಚರ್ಚೆ ಮಾಡಬೇಡಿ, ತಾಯಿ ಒಬ್ಬರೇ ಯೋಚಿಸಿ ಹೇಳಲಿ ಎಂದೆ. ಅವರು ಮೊಮ್ಮಗಳ ಹೆಸರು ಬರೆಸಿದರು.

ಮಾರುವ ಕಾಲಂ ಬಗ್ಗೆ ಹೇಳಿದ್ದು ಸ್ವಲ್ಪವೇ. ವಯಸ್ಸಾದವರಿಗೆ ಕೊಂಡ ಬೆಲೆ ನೆನಪಿರುತ್ತದೆ, ಹಳೆಯ ಪೀಠೋಪಕರಣಕ್ಕೆ ಸಿಗುವುದು ಅದರ ಸಣ್ಣ ಪಾಲು. ಹಾಗಾಗಿ ಮಾರುವ ದಿನವೇ ಪೆಟ್ಟು ಬೀಳದಂತೆ, ಮೊದಲೇ ಬೆಲೆ ಕೇಳಿಸಿ ಬರೆದಿಡಿ. ಬಂದ ಹಣ ತಾಯಿಯ ಖಾತೆಗೆ ಎಂದು ಹಾಳೆಯ ತಲೆಯಲ್ಲೇ ಬರೆಸಿದೆ. ಏನನ್ನೇ ಹೊರಗೆ ಕಳಿಸುವ ಮುನ್ನ ಜೇಬು, ಡ್ರಾಯರ್, ಪುಸ್ತಕದ ಹಾಳೆಗಳ ನಡುವೆ ನೋಡಲೇಬೇಕು. ಒಂದು ಹಳೆಯ ಡೈರಿಯೊಳಗೆ ಠೇವಣಿ ರಸೀದಿ ಸಿಕ್ಕಿತು.

ತೀರ್ಮಾನವಾಗದ್ದಕ್ಕೆ ಒಂದೇ ಒಂದು ಪೆಟ್ಟಿಗೆ, ಹೊಸ ಮನೆಯಲ್ಲಿ ಮೂರು ತಿಂಗಳು ಕಳೆದ ಮೇಲೆ ತೆರೆಯುವುದು ಎಂದು ಮಾತಾಗಿತ್ತು. ತಾಯಿ ಎರಡು ತುಂಬಿಸಿದ್ದಾರೆ. ಎರಡಕ್ಕೂ ಮಂಚದ ಕೆಳಗೆ ಜಾಗವಿದೆಯಾ ಎಂದು ಅಳೆದು ನೋಡಲು ಮಗಳಿಗೆ ಹೇಳಿದೆ. ಇದೆಯಂತೆ.